ಭೇದಿ ನಿಂತರೂ ಮಾತ್ರೆ ನಿಲ್ಲಬಾರದು

ಮಳೆ ಹಿಡಿದು ಕುಮುದ್ವತಿ, ದಂಡಾವತಿ ಹೊಳೆಗಳಲ್ಲಿ ಕೆಂಪು ನೀರು ಬಂತೆಂದರೆ ಶಿಕಾರಿಪುರ, ಸೊರಬ ಕಡೆ ಚಿಕ್ಕ ಮಕ್ಕಳ ಹೊಟ್ಟೆ ಕೆಡುವ ಕಾಲವೂ ಬಂತೆಂದೇ ಲೆಕ್ಕ. ಆಶಾ ಕಾರ್ಯಕರ್ತೆ ಓಆರ್‌ಎಸ್ ಪೊಟ್ಟಣದ ಜೊತೆ ಜಿಂಕ್ ಮಾತ್ರೆಯ ಶೀಟನ್ನೂ ಕೊಡುತ್ತಾರೆ. ಓಆರ್‌ಎಸ್ ಖಾಲಿಯಾಗುತ್ತದೆ. ಮಾತ್ರೆ ಮೂರೋ ನಾಲ್ಕೋ ಹೋಗಿ, ಉಳಿದದ್ದು ಕಪಾಟಿನಲ್ಲೇ ಕೂತಿರುತ್ತದೆ. “ಭೇದಿ ನಿಂತೋಯ್ತಲ್ಲ, ಇನ್ನೆಂಥಕ್ಕೆ ಮಾತ್ರೆ?” ಅಂತ ಮನೆಯಲ್ಲಿ ಯಾರಾದರೂ ಕೇಳಿದರೆ ಉಮ್ಮನ ಬಳಿ ಉತ್ತರ ಇರುವುದಿಲ್ಲ. ಆ ಉತ್ತರವನ್ನೇ ನಾವಿಲ್ಲಿ ಹೇಳಬೇಕೆಂದಿದ್ದೇವೆ.

ಜಿಂಕ್ ಭೇದಿ ಕಟ್ಟುವ ಮಾತ್ರೆ ಅಲ್ಲ. ಭೇದಿಯಾಗುವಾಗ ನೀರು, ಉಪ್ಪಿನ ಜೊತೆ ಮಗುವಿನ ಮೈಯಿಂದ ಸತುವೂ ಹೊರಗೆ ಹೋಗುತ್ತದೆ. ನೀರು, ಉಪ್ಪನ್ನು ಓಆರ್‌ಎಸ್ ತುಂಬಿಕೊಡುತ್ತದೆ, ಸತುವನ್ನು ಈ ಮಾತ್ರೆ. ಕರುಳಿನ ಒಳಪದರ ಮತ್ತೆ ಬೆಳೆದು ಗಟ್ಟಿಯಾಗಲು, ರೋಗ ತಡೆಯುವ ಶಕ್ತಿ ಮರಳಿ ಬರಲು ಸತು ಬೇಕು. ಭೇದಿ ಮೂರ್ನಾಲ್ಕು ದಿನಕ್ಕೆ ನಿಂತರೂ ಒಳಗಿನ ರಿಪೇರಿ ಅಷ್ಟಕ್ಕೇ ಮುಗಿದಿರುವುದಿಲ್ಲ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲಿ 10ರಿಂದ 14 ದಿನ ಕೊಡಬೇಕೆಂದು ಹೇಳಿದವು. ನಮ್ಮ ದೇಶದ ಸರಕಾರಿ ಕಾರ್ಯಕ್ರಮದಲ್ಲಿ 14 ದಿನ. ಪೂರ್ತಿ ಕೊಟ್ಟರೆ ಮುಂದಿನ ಎರಡು-ಮೂರು ತಿಂಗಳು ಮತ್ತೆ ಭೇದಿ ಬರುವ ಸಂಭವ ಕಡಿಮೆ. ಅಂದರೆ ಮಳೆಗಾಲದ ಬಹುಭಾಗ ಕಳೆದಂತೆಯೇ.

ಹತ್ತು ತಿಂಗಳ ಮಗುವಿಗೆ ಸೋಮವಾರ ಭೇದಿ ಶುರುವಾಯಿತು ಅಂದುಕೊಳ್ಳೋಣ. ಕೈಯನ್ನು ಸೋಪು ಹಾಕಿ ತೊಳೆದು, ಸ್ವಚ್ಛವಾದ ಚಮಚ ತಗೊಳ್ಳಿ. ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿದ ನೀರನ್ನು ಅದರಲ್ಲಿ ತುಂಬಿ. ಬಾವಿ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಕುದಿಸದೆ ಬಳಸಬೇಡಿ. 20 ಮಿಲಿಗ್ರಾಂನ ಒಂದು ಮಾತ್ರೆಯನ್ನು ನೀರಿಗೆ ಹಾಕಿ, ಚಮಚವನ್ನು ಮೆಲ್ಲಗೆ ಅಲ್ಲಾಡಿಸಿ. ಕುಟ್ಟುವುದು ಬೇಡ, ಒಂದು ನಿಮಿಷದೊಳಗೆ ತಾನೇ ಕರಗುತ್ತದೆ. ಕುಡಿಸಿದ ಮೇಲೆ ಚಮಚದ ತಳದಲ್ಲಿ ಪುಡಿ ಉಳಿದಿದ್ದರೆ ಇನ್ನಷ್ಟು ನೀರು ಹಾಕಿ ಅದನ್ನೂ ಕುಡಿಸಿ. ಲೋಟ ತುಂಬ ನೀರಿನಲ್ಲೋ ಓಆರ್‌ಎಸ್ ಪಾತ್ರೆಯಲ್ಲೋ ಕರಗಿಸಿದರೆ ಮಗು ಅರ್ಧಕ್ಕೇ ಬಿಡುತ್ತದೆ, ಎಷ್ಟು ಮಾತ್ರೆ ಹೊಟ್ಟೆಗೆ ಹೋಯಿತೆಂದು ಗೊತ್ತಾಗುವುದಿಲ್ಲ.

ಎರಡರಿಂದ ಆರು ತಿಂಗಳ ಕೂಸಿಗೆ ಅರ್ಧ ಮಾತ್ರೆ, ಅಂದರೆ 10 ಮಿಲಿಗ್ರಾಂ. ಅದನ್ನು ನೀರಿನ ಬದಲು ಹಿಂಡಿ ತೆಗೆದ ಎದೆಹಾಲಿನಲ್ಲಿ ಕರಗಿಸಬೇಕು. ಎರಡು ತಿಂಗಳು ತುಂಬದ ಕೂಸಿಗೆ ಭೇದಿಯಾದರೆ ಮನೆಯಲ್ಲಿ ಏನೂ ಮಾಡುತ್ತಾ ಕೂರದೆ ವೈದ್ಯರ ಬಳಿಗೇ ಒಯ್ಯಿರಿ.

ಮಾತ್ರೆ ಕೊಟ್ಟ ಅರ್ಧ ಗಂಟೆಯೊಳಗೆ ಮಗು ವಾಂತಿ ಮಾಡಿದರೆ, ಸ್ವಲ್ಪ ಸುಧಾರಿಸಿಕೊಂಡ ಮೇಲೆ ಇನ್ನೊಂದು ಮಾತ್ರೆ ಕೊಡಬಹುದು. ದಿನವೂ ವಾಂತಿಯಾಗುತ್ತಿದ್ದರೆ ವೈದ್ಯರಿಗೆ ತಿಳಿಸಿ. ಭಾರತ ಮತ್ತು ತಾಂಜಾನಿಯಾದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಡಿಮೆ ಪ್ರಮಾಣ ಕೊಟ್ಟ ಮಕ್ಕಳಲ್ಲಿ ವಾಂತಿ ಕಡಿಮೆ ಕಂಡಿತ್ತು. ವೈದ್ಯರು ಪ್ರಮಾಣ ಇಳಿಸಿದರೆ ಅವರು ಹೇಳಿದಂತೆಯೇ ಕೊಡಿ. ಒಂದು ದಿನ ಮರೆತುಹೋದರೆ ಮಾರನೇ ದಿನ ಒಂದೇ ಮಾತ್ರೆ, ಎರಡು ಬೇಡ.

ಆ ಮಗುವಿಗೆ ಗುರುವಾರದ ಹೊತ್ತಿಗೆ ಭೇದಿ ನಿಂತಿತು ಅನ್ನಿ. ಶೀಟಿನಿಂದ ನಾಲ್ಕು ಮಾತ್ರೆ ಹೋಗಿದೆ, ಹತ್ತು ಉಳಿದಿದೆ. ಹೆಚ್ಚಿನ ಮನೆಗಳಲ್ಲಿ ತಪ್ಪುವುದು ಇಲ್ಲೇ. ಶುಕ್ರವಾರವೂ ಕೊಡಬೇಕು, ಮುಂದಿನ ವಾರ ಮಗು ಆಡಿಕೊಂಡಿದ್ದರೂ ಕೊಡಬೇಕು. ಕೊನೆಯ ಮಾತ್ರೆ ಬರುವುದು ಎರಡನೇ ಭಾನುವಾರಕ್ಕೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ಭಾನುವಾರಕ್ಕೆ ಸುತ್ತು ಹಾಕಿ, ಮಾತ್ರೆ ಕೊಟ್ಟ ದಿನಕ್ಕೆಲ್ಲ ಒಂದೊಂದು ಗೀಟು ಎಳೆಯಿರಿ. ಹಗಲು ಮಗುವನ್ನು ನೋಡಿಕೊಳ್ಳುವ ಅಜ್ಜಿಗೂ ಲೆಕ್ಕ ಸಿಗುತ್ತದೆ. ಮೆಡಿಕಲ್‌ನಿಂದ ತಂದ ಶೀಟಿನಲ್ಲಿ ಹತ್ತೇ ಮಾತ್ರೆ ಇದ್ದರೆ ಉಳಿದ ನಾಲ್ಕನ್ನು ಅವತ್ತೇ ಕೇಳಿ ತಗೊಳ್ಳಿ. ಮಾತ್ರೆ ಬಿಡಿಸಿ ಡಬ್ಬಿಗೆ ಹಾಕಬೇಡಿ. ಮಲೆನಾಡ ತೇವಕ್ಕೆ ಅದು ಹುಡಿಯಾಗುತ್ತದೆ.

ಜಿಂಕ್ ಕೊಡುತ್ತಿದ್ದೇವೆಂದು ಓಆರ್‌ಎಸ್, ಎದೆಹಾಲು, ಊಟ ನಿಲ್ಲಿಸುವ ಹಾಗಿಲ್ಲ. ಮಲದಲ್ಲಿ ರಕ್ತ ಕಂಡರೆ, ಕಣ್ಣು ಒಳಗೆ ಹೋದರೆ, ಮಗು ಏನೂ ಕುಡಿಯದೆ ಮಂಪರಿನಲ್ಲಿ ಬಿದ್ದುಕೊಂಡರೆ ಮಾತ್ರೆಯ ಲೆಕ್ಕ ಬದಿಗಿಟ್ಟು ಕೂಡಲೇ ತಾಲೂಕು ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಓಆರ್‌ಎಸ್ ಗುಟುಕು ಗುಟುಕಾಗಿ ಕೊಡುತ್ತಿರಿ.

ಕಪಾಟಿನಲ್ಲಿ ಅರ್ಧ ಉಳಿದ ಶೀಟು ಇದ್ದರೆ ಇವತ್ತೇ ತೆಗೆದು ನೋಡಿ. ಮಗುವಿನ 14 ದಿನ ಇನ್ನೂ ಮುಗಿದಿಲ್ಲವಾದರೆ ಇವತ್ತಿನ ಮಾತ್ರೆ ಇವತ್ತೇ ಕೊಡಿ.