ಅಕ್ಕನಿಗೆ ಒಂದು ಲಕ್ಷ: ಬ್ಯಾಂಕಾ, ಕ್ರಿಪ್ಟೋನಾ?

ಜಡಿಗೇನಹಳ್ಳಿಯಿಂದ ಜರ್ಮನಿಯಲ್ಲಿ ಓದ್ತಿರೋ ಅಕ್ಕನಿಗೆ ₹1,00,000 ಕಳಿಸಬೇಕು ಅಂದ್ಕೊಳ್ಳಿ. ಬ್ಯಾಂಕಲ್ಲಿ A2 ಫಾರ್ಮ್ ತುಂಬಿ, ಓದಿನ ಖರ್ಚು ಅಂತ S0305 ಕೋಡ್ ಹಾಕ್ಬೇಕು. ರಸೀದಿಯಲ್ಲಿ ಕಾಣೋ ಚಾರ್ಜ್ ಚಿಕ್ಕದು, ದೊಡ್ಡದು ಯೂರೋ ರೇಟಿನೊಳಗೆ ಅಡಗಿರುತ್ತೆ. ಅಲ್ಲಿ 2% ಸೇರಿಸಿದ್ರೆ ₹2,000 ಹೋಯ್ತು. ದುಡ್ಡು ಸೇರೋಕೆ ಒಂದೆರಡು ದಿನ.

ಯುಎಸ್‌ಡಿಟಿ ನಿಮಿಷಗಳಲ್ಲಿ ತಲುಪುತ್ತೆ ನಿಜ, ಆದ್ರೆ ಅದು ವಾಲೆಟ್‌ನಿಂದ ವಾಲೆಟ್‌ಗೆ ಮಾತ್ರ. ಇಲ್ಲಿ ಕೊಳ್ಳುವಾಗ ಡಾಲರ್‌ಗಿಂತ ಜಾಸ್ತಿ ರೇಟು: ಮಾರುವವನಿಗೆ 2022ರಿಂದ 1% ಟಿಡಿಎಸ್ ಇದೆ, ಅದನ್ನ ನಮ್ಮ ತಲೆಗೇ ಕಟ್ತಾನೆ. ಅಲ್ಲಿ ಅಕ್ಕ ಯೂರೋ ಮಾಡ್ಕೊಳ್ಳುವಾಗ ಮತ್ತೆ ಕಮಿಷನ್. ಎರಡೂ ಸೇರಿ 4% ಆದ್ರೆ ₹4,000, ಬ್ಯಾಂಕಿಗಿಂತ ಡಬಲ್!

ಇನ್ನು ವಾಲೆಟ್ ವಿಳಾಸ ತಪ್ಪಿದ್ರೆ ದುಡ್ಡು ವಾಪಸ್ ತರಿಸೋಕೆ ಯಾರೂ ಇಲ್ಲ. ಬ್ಯಾಂಕಿನದ್ದಾದ್ರೆ ಸ್ವಿಫ್ಟ್ ರಸೀದಿ ಹಿಡ್ಕೊಂಡು ಕೌಂಟರ್ ಮುಂದೆ ನಿಂತು ಕೇಳಬಹುದು.