ವಾಟ್ಸ್‌ಆ್ಯಪ್‌ನಲ್ಲಿ ಬಂದ ಮನೆ ಕಂದಾಯದ ಬಿಲ್ಲು

ಅಪ್ಪ-ಅಮ್ಮ ಊರಿನಲ್ಲಿರುತ್ತಾರೆ, ಮಕ್ಕಳು ದೂರದ ನಗರದಲ್ಲಿ. ನಗರಸಭೆಯಿಂದ ಮನೆ ಕಂದಾಯದ ಬಿಲ್ಲು ಬಂತೆಂದರೆ ಅಮ್ಮ ಅದರ ಫೋಟೊ ತೆಗೆದು ಕಳಿಸುತ್ತಾರೆ. ಕಾಗದ ಮಡಿಸಿದ್ದ ಕಡೆ ಗೆರೆ, ಒಂದು ಮೂಲೆಯಲ್ಲಿ ನೆರಳು, ಪ್ರಿಂಟಿನ ಶಾಯಿ ಅರ್ಧ ಮಾಸಿದೆ. ಕೊನೆಯ ಮೊತ್ತವೊಂದನ್ನೇ ನೋಡಿ ಹಣ ಕಟ್ಟಿಬಿಡುವವರೇ ಹೆಚ್ಚು. ಆದರೆ ಈ ಬಿಲ್ಲಿನ ಪ್ರತಿ ಸಾಲೂ ಇನ್ನೊಂದು ಸಾಲಿನಿಂದ ಹುಟ್ಟಿದ್ದು. ಆ ನಂಟು ತಿಳಿದರೆ ಮಸುಕಾದ ಅಂಕಿಯನ್ನೂ ಓದಬಹುದು, ಕಚೇರಿಯ ತಪ್ಪನ್ನೂ ಹಿಡಿಯಬಹುದು.

ಮೊದಲು ನಿಯಮ. ಕರ್ನಾಟಕದ ಪುರಸಭೆ, ನಗರಸಭೆಗಳಲ್ಲಿ ರೂಢಿಯಲ್ಲಿರುವ ಲೆಕ್ಕ ಹೀಗಿದೆ: ಇಡೀ ವರ್ಷದ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈನಿಂದ ತಿಂಗಳಿಗೆ ಶೇ 2 ದಂಡ. ಕೆಲವು ವರ್ಷ ಸರ್ಕಾರ ರಿಯಾಯಿತಿಯ ಅವಧಿಯನ್ನು ವಿಸ್ತರಿಸುವುದುಂಟು. ಬೆಂಗಳೂರಿಗೆ ಪ್ರತ್ಯೇಕ ಕಾಯ್ದೆ ಇರುವುದರಿಂದ ಅಲ್ಲಿನ ಲೆಕ್ಕ ಬೇರೆ.

ಈಗ ಒಂದು ಮಾದರಿ ಬಿಲ್ಲು ನೋಡೋಣ. ಏಪ್ರಿಲ್ 2024ರಲ್ಲಿ ಕೊಟ್ಟದ್ದು, ಹಿಂದಿನ ವರ್ಷದ ಕಂದಾಯ ಕಟ್ಟಿಲ್ಲ ಎಂದಿಟ್ಟುಕೊಳ್ಳಿ. ಚಾಲ್ತಿ ವರ್ಷದ ತೆರಿಗೆ 4,000 ರೂಪಾಯಿ. ಅದರ ಮೇಲೆ ಆರೋಗ್ಯ ಸೆಸ್ ಶೇ 15, ಗ್ರಂಥಾಲಯ ಸೆಸ್ ಶೇ 6, ಭಿಕ್ಷುಕರ ಸೆಸ್ ಶೇ 3, ನಗರ ಸಾರಿಗೆ ಸೆಸ್ ಶೇ 2. ಒಟ್ಟು ಶೇ 26, ಅಂದರೆ 1,040. ಚಾಲ್ತಿ ಮೊತ್ತ 5,040 ಆಯಿತು. ಹಿಂದಿನ ವರ್ಷದ ಬಾಕಿಯೂ ಇದೇ ಬಗೆ: ತೆರಿಗೆ 3,800, ಸೆಸ್ 988, ಒಟ್ಟು 4,788. ಅದರ ಕೆಳಗೆ ದಂಡ, ಆಮೇಲೆ ರಿಯಾಯಿತಿ 200, ಕೊನೆಯಲ್ಲಿ ಒಟ್ಟು 10,388.

ಫೋಟೊದಲ್ಲಿ ದಂಡದ ಮೊದಲ ಅಂಕಿ ಒಂದೋ ಏಳೋ ತಿಳಿಯುತ್ತಿಲ್ಲ: 160 ಅಥವಾ 760. ಫೋಟೊವನ್ನು ದೊಡ್ಡದು ಮಾಡಿ ಕಣ್ಣು ಕಿರಿದಾಗಿಸಬೇಕಿಲ್ಲ. 3,800ಕ್ಕೆ ಶೇ 2 ಎಂದರೆ ತಿಂಗಳಿಗೆ 76. 760ನ್ನು 76ರಿಂದ ಭಾಗಿಸಿದರೆ ಸರಿಯಾಗಿ 10 ಬರುತ್ತದೆ. ಜುಲೈ 2023ರಿಂದ ಏಪ್ರಿಲ್ 2024ರವರೆಗೆ ಎಣಿಸಿದರೂ ಹತ್ತೇ ತಿಂಗಳು. 160ನ್ನು ಭಾಗಿಸಿದರೆ ಪೂರ್ಣ ತಿಂಗಳು ಬರುವುದೇ ಇಲ್ಲ. ಇನ್ನು ಕೂಡಿ ನೋಡಿ: 5,040, 4,788, 760 ಸೇರಿಸಿ 200 ಕಳೆದರೆ 10,388. ಒಟ್ಟು ಮೊತ್ತವೂ ಹೊಂದಿತು.

ಇದೇ ಭಾಗಾಕಾರದಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ದಂಡ 957 ರೂಪಾಯಿ 60 ಪೈಸೆ ಎಂದಿದ್ದರೆ ಅದು 3,800ರ ಮೇಲಲ್ಲ, ಸೆಸ್ ಸೇರಿದ 4,788ರ ಮೇಲೆ ಹಾಕಿದ್ದು. ಯಾವುದರಿಂದಲೂ ಪೂರ್ಣ ತಿಂಗಳು ಬರದಿದ್ದರೆ, ಹಳೆಯ ದಂಡವನ್ನು ಬಾಕಿಗೆ ಸೇರಿಸಿ ಅದರ ಮೇಲೆ ಮತ್ತೆ ದಂಡ ಹಾಕಿರಬಹುದು, ಇಲ್ಲವೇ ಎರಡು ಮೂರು ವರ್ಷದ ಬಾಕಿ ಒಂದೇ ಸಾಲಿನಲ್ಲಿರಬಹುದು. ಆಗ ವರ್ಷವಾರು ಬಾಕಿಯ ವಿವರ ಕೊಡಿ ಎಂದು ಕಂದಾಯ ವಿಭಾಗದಲ್ಲಿ ಕೇಳಬೇಕು.

ರಿಯಾಯಿತಿ ಸಾಲಿನಲ್ಲಿ ಎಡವುವುದು ಬೇರೆ ರೀತಿ. ಅದು ಕಳೆಯುವ ಮೊತ್ತ, ಆದರೆ ಅದರ ಮುಂದಿನ ಸಣ್ಣ ಗೆರೆ ಫೋಟೊದಲ್ಲಿ ಮಾಯವಾಗಿರುತ್ತದೆ. ಅದನ್ನೂ ಕೂಡಿದರೆ 10,788 ಬರುತ್ತದೆ. ನಿಮ್ಮ ಮೊತ್ತಕ್ಕೂ ಬಿಲ್ಲಿನ ಮೊತ್ತಕ್ಕೂ ಇರುವ ವ್ಯತ್ಯಾಸ 400, ರಿಯಾಯಿತಿಯ ಸರಿಯಾಗಿ ಎರಡು ಪಟ್ಟು. ಹಾಗೆ ಬಂದರೆ ತಪ್ಪು ಆ ಗೆರೆಯದು ಎಂದೇ ತಿಳಿಯಿರಿ. ಈ ಬಿಲ್ಲಿನಲ್ಲಿ ರಿಯಾಯಿತಿ ಚಾಲ್ತಿ ತೆರಿಗೆ 4,000ದ ಮೇಲೆ ಮಾತ್ರ ಇದೆ, ಬಾಕಿಗೆ ಸಿಕ್ಕಿಲ್ಲ.

ಬಿಲ್ಲಿನ ತಾರೀಖನ್ನೂ ನೋಡಿ. ಏಪ್ರಿಲ್‌ನಲ್ಲಿ ಬಂದ ಫೋಟೊ ನೋಡಿ ಮೇ ತಿಂಗಳಲ್ಲಿ ಕಟ್ಟಲು ಹೋದರೆ 200ರ ರಿಯಾಯಿತಿ ಹೋಗಿ, ಬಾಕಿಯ ಮೇಲೆ ಇನ್ನೊಂದು ತಿಂಗಳ 76 ಸೇರುತ್ತದೆ. ಆಗ ಕಟ್ಟಬೇಕಾದದ್ದು 10,664.

ಲೆಕ್ಕವೆಲ್ಲ ಹೊಂದಿದರೂ ಬಾಕಿಯೇ ಸುಳ್ಳಾಗಿರಬಹುದು. ಕಳೆದ ವರ್ಷ ಕಟ್ಟಿದ ಹಣ ಬೇರೆ ಆಸ್ತಿಯ ಸಂಖ್ಯೆಗೆ ಜಮೆಯಾಗಿದ್ದರೆ, ಕೂಡಿ ಕಳೆದು ನೋಡಿದರೆ ಅದು ಗೊತ್ತಾಗುವುದಿಲ್ಲ. ಬಿಲ್ಲಿನ ಆಸ್ತಿ ಸಂಖ್ಯೆಯನ್ನು ಹಳೆಯ ರಸೀದಿಯ ಸಂಖ್ಯೆಯೊಂದಿಗೆ ಒಂದೊಂದೇ ಅಂಕಿಯಾಗಿ ಹೋಲಿಸಬೇಕು. ಆದ್ದರಿಂದ ಮುಂದಿನ ಸಲ ಅಮ್ಮ ಬಿಲ್ಲಿನ ಫೋಟೊ ಕಳಿಸುವಾಗ, ಕಳೆದ ವರ್ಷದ ಚಲನ್ನಿನ ಫೋಟೊವನ್ನೂ ಜೊತೆಗೆ ಕಳಿಸಲು ಹೇಳಿ. ಹಣ ಕಟ್ಟುವ ಮುನ್ನ ಎರಡನ್ನೂ ಅಕ್ಕಪಕ್ಕ ಇಟ್ಟು ಓದಿ.