ಒಂದು ಸಭೆಯಿಂದ ಆರನೆಯ ಸಭೆಯವರೆಗೆ

ಪ್ರೈವೇಟ್ ಲಿಮಿಟೆಡ್ ಕಂಪನಿ ನೋಂದಣಿಯಾದ ಕೂಡಲೇ ಹೊಸ ನಿರ್ದೇಶಕರು ಬ್ಯಾಂಕ್ ಖಾತೆ, ಜಿಎಸ್‌ಟಿ ಸಂಖ್ಯೆ ಎಂದು ಓಡಾಡುತ್ತಾರೆ. ‘ವ್ಯಾಪಾರವೇ ಶುರುವಾಗಿಲ್ಲ, ಆಡಿಟರ್ ಯಾಕೆ? ಮಾರ್ಚ್ ಬರಲಿ, ನೋಡೋಣ’ ಎನ್ನುವವರೇ ಹೆಚ್ಚು. ಸ್ವಂತ ಹೆಸರಿನಲ್ಲಿ ಅಂಗಡಿ ನಡೆಸಿ ಬಂದವರಿಗೆ ಇದು ಸಹಜವಾಗಿಯೇ ತೋರುತ್ತದೆ. ಅಲ್ಲಿ ವಹಿವಾಟು ಒಂದು ಮಿತಿ ದಾಟಿದರೆ ಮಾತ್ರ ಆದಾಯ ತೆರಿಗೆಯ ಆಡಿಟ್. ಕಂಪನಿಗೆ ಈ ರಿಯಾಯಿತಿ ಇಲ್ಲ. ಒಂದು ರೂಪಾಯಿ ವ್ಯಾಪಾರವಾಗದಿದ್ದರೂ 2013ರ ಕಂಪನಿ ಕಾಯ್ದೆಯ ಪ್ರಕಾರ ಆಡಿಟರ್ ಇರಲೇಬೇಕು, ಅದೂ ನೋಂದಣಿಯಾದ 30 ದಿನಗಳೊಳಗೆ.

ಅವರ ಅವಧಿಯ ಲೆಕ್ಕದಲ್ಲಿ ಬಹಳ ಮಂದಿ ಎಡವುತ್ತಾರೆ. ಐದು ವರ್ಷ ಎಂದು ಎಲ್ಲರೂ ಹೇಳುತ್ತಾರಾದರೂ ಕಾಯ್ದೆ ಎಣಿಸುವುದು ಷೇರುದಾರರ ವಾರ್ಷಿಕ ಸಾಮಾನ್ಯ ಸಭೆಗಳನ್ನು. ಊಹೆಯ ಒಂದು ಕಂಪನಿಯನ್ನು ಇಟ್ಟುಕೊಂಡು ನೋಡೋಣ.

ಶಿವಮೊಗ್ಗದ ಅಕ್ಕ-ತಮ್ಮ ಸೇರಿ ಅಡಿಕೆ ಹಾಳೆ ತಟ್ಟೆ ಮಾಡುವ ಕಂಪನಿಯೊಂದನ್ನು 2021ರ ಜುಲೈ 10ರಂದು ನೋಂದಾಯಿಸಿದರು ಎನ್ನಿ. ಆಗಸ್ಟ್ 9ರೊಳಗೆ ನಿರ್ದೇಶಕರ ಮಂಡಳಿ, ಅಂದರೆ ಅವರಿಬ್ಬರೇ, ಸಭೆ ಸೇರಿ ಮೊದಲ ಆಡಿಟರನ್ನು ನೇಮಿಸಬೇಕು. ಅದು ತಪ್ಪಿದರೆ ವಿಷಯವನ್ನು ಷೇರುದಾರರಿಗೆ ತಿಳಿಸಬೇಕು. ಅವರು 90 ದಿನಗಳೊಳಗೆ ವಿಶೇಷ ಸಾಮಾನ್ಯ ಸಭೆ ಕರೆದು ನೇಮಿಸಬೇಕಾಗುತ್ತದೆ. ನಿರ್ದೇಶಕರೂ ಷೇರುದಾರರೂ ಅದೇ ಇಬ್ಬರಾದರೂ ಎರಡು ಸಭೆಗಳ ನಡಾವಳಿ ಬೇರೆ ಬೇರೆಯಾಗಿಯೇ ದಾಖಲಾಗಬೇಕು.

ಹೀಗೆ ಬಂದ ಮೊದಲ ಆಡಿಟರ್ ಅಧಿಕಾರ ಮೊದಲ ವಾರ್ಷಿಕ ಸಭೆ ಮುಗಿಯುವವರೆಗೆ ಮಾತ್ರ. ಮೊದಲ ಹಣಕಾಸು ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಆ ಸಭೆ ನಡೆಯಬೇಕು. ನಮ್ಮ ಕಂಪನಿಗೆ 2022ರ ಡಿಸೆಂಬರ್ 31 ಕಡೆಯ ದಿನ. ಅವರು ಸೆಪ್ಟೆಂಬರಿನಲ್ಲೇ ಸಭೆ ನಡೆಸಿದರು. ಅಲ್ಲಿ ಷೇರುದಾರರು ಅದೇ ಆಡಿಟರನ್ನು ಆರನೆಯ ವಾರ್ಷಿಕ ಸಭೆ ಮುಗಿಯುವವರೆಗೆ ನೇಮಿಸಿದರು. ಎರಡನೆಯ ಸಭೆ 2023ರಲ್ಲಿ, ಮೂರನೆಯದು 2024ರಲ್ಲಿ, ಹೀಗೆ ಎಣಿಸುತ್ತಾ ಹೋದರೆ ಆರನೆಯದು 2027ರಲ್ಲಿ. ಅಷ್ಟರೊಳಗೆ 2022-23ರಿಂದ 2026-27ರವರೆಗಿನ ಐದು ವರ್ಷಗಳ ಲೆಕ್ಕ ಆಡಿಟ್ ಆಗುತ್ತದೆ. ‘ಐದು ವರ್ಷ’ ಅಂದರೆ ಇದು. ಮೊದಲ ಆಡಿಟರಾಗಿ ನೋಡಿದ 2021-22 ಇದರ ಹೊರಗಿನದು.

ನೇಮಕಕ್ಕೆ ಮುಂಚೆ ಆಡಿಟರ್ ಲಿಖಿತ ಒಪ್ಪಿಗೆ ಕೊಡಬೇಕು. ತಾನು ಅರ್ಹ ಎಂಬ ಪ್ರಮಾಣಪತ್ರವನ್ನೂ ಅದರ ಜೊತೆಗೆ ಕೊಡಬೇಕು. ಸಭೆಯಾದ 15 ದಿನಗಳೊಳಗೆ ಕಂಪನಿ ADT-1 ಎಂಬ ಫಾರಂ ಮೂಲಕ ರಿಜಿಸ್ಟ್ರಾರ್ ಕಚೇರಿಗೆ ವಿವರ ತಿಳಿಸಬೇಕು. ‘ನಮ್ಮ ಆಡಿಟರೇ ಹಾಕಿರುತ್ತಾರೆ’ ಎಂದುಕೊಂಡು ಸುಮ್ಮನಿರುವ ನಿರ್ದೇಶಕರಿಗೆ ಒಂದು ಮಾತು: ಅದು ಕಂಪನಿಯ ಹೊಣೆ. ಫಾರಂ ಸಲ್ಲಿಸಿದ ಚಲನ್ ನಿಮ್ಮ ಕಡತದಲ್ಲಿ ಇಲ್ಲದಿದ್ದರೆ ಇವತ್ತೇ ಕೇಳಿ. ತಡವಾದಷ್ಟೂ ಹೆಚ್ಚುವರಿ ಶುಲ್ಕ ಏರುತ್ತದೆ. 180 ದಿನ ದಾಟಿದರೆ ಅದು ಮೂಲ ಶುಲ್ಕದ 12 ಪಟ್ಟು.

ಹಿಂದೆ ಪ್ರತಿ ವರ್ಷದ ಸಭೆಯಲ್ಲೂ ಈ ನೇಮಕಕ್ಕೆ ಮರುಒಪ್ಪಿಗೆ ಪಡೆಯಬೇಕಿತ್ತು. 2018ರ ಮೇ 7ರಿಂದ ಆ ಶರತ್ತು ಹೋಗಿದೆ. ಹಳೆಯ ನೋಟಿಸಿನ ನಕಲನ್ನೇ ತಿದ್ದಿ ಬಳಸುವ ಕಂಪನಿಗಳ ಕಾರ್ಯಸೂಚಿಯಲ್ಲಿ ಅದಿನ್ನೂ ಉಳಿದುಕೊಂಡಿರುವುದುಂಟು.

ಇನ್ನು ಎಲ್ಲ ನೆಟ್ಟಗೆ ನಡೆಯದಿದ್ದರೆ? ನಮ್ಮ ಕಂಪನಿಯ ಆಡಿಟರ್ ಬೆಂಗಳೂರಿನಲ್ಲಿ ಪೂರ್ಣಾವಧಿ ನೌಕರಿ ಹಿಡಿಯಲು ನಿರ್ಧರಿಸಿ 2025ರ ಜನವರಿ 10ರಂದು ರಾಜೀನಾಮೆ ಕೊಟ್ಟರು. ಬೇರೆಡೆ ಪೂರ್ಣಾವಧಿ ನೌಕರಿಯಲ್ಲಿರುವವರು ಕಂಪನಿಯ ಆಡಿಟರಾಗಿರುವಂತಿಲ್ಲ. ರಾಜೀನಾಮೆಯ ಕಾರಣ ಬರೆದು ADT-3 ಫಾರಂ ಸಲ್ಲಿಸಬೇಕಾದವರು ಆಡಿಟರೇ, ಅದಕ್ಕೆ 30 ದಿನ. ಖಾಲಿ ಸ್ಥಾನ ತುಂಬಲು ನಿರ್ದೇಶಕರ ಮಂಡಳಿಗೂ 30 ದಿನ. ಜನವರಿ 25ರಂದು ಅಕ್ಕ-ತಮ್ಮ ಹೊಸಬರೊಬ್ಬರನ್ನು ಆರಿಸಿದರು.

ಆಡಿಟರ್ ತೀರಿಕೊಂಡು ಸ್ಥಾನ ಖಾಲಿಯಾಗಿದ್ದರೆ ಮಂಡಳಿಯ ನಿರ್ಣಯವೇ ಸಾಕಿತ್ತು. ರಾಜೀನಾಮೆಯಾದ್ದರಿಂದ ಸಾಲದು. ಮಂಡಳಿ ಶಿಫಾರಸು ಮಾಡಿದ ಮೂರು ತಿಂಗಳೊಳಗೆ ಷೇರುದಾರರ ಸಭೆ ಕರೆದು ಒಪ್ಪಿಗೆ ಪಡೆಯಬೇಕು. ಬಿಟ್ಟು ಹೋಗುವ ಆಡಿಟರ್ ಯಾವುದೋ ಲೆಕ್ಕಕ್ಕೆ ಸಹಿ ಹಾಕಲು ಒಪ್ಪದೆ ಹೋಗುತ್ತಿರಬಹುದು. ಹಣ ಹಾಕಿದವರಿಗೆ ಅದು ಗೊತ್ತಾಗಲಿ ಎಂಬುದೇ ಈ ಭೇದದ ಹಿಂದಿನ ವಿವೇಕ ಎಂದು ನನಗನ್ನಿಸುತ್ತದೆ. ನಮ್ಮ ಕಂಪನಿ ಫೆಬ್ರುವರಿ 20ರಂದು ವಿಶೇಷ ಸಭೆ ನಡೆಸಿ, ಮಾರ್ಚ್ 7ರೊಳಗೆ ADT-1 ಸಲ್ಲಿಸಿತು.

ಇಲ್ಲಿಗೇ ಕೆಲಸ ಮುಗಿಯಿತು ಎಂದುಕೊಂಡರೆ ತಪ್ಪಾಗುತ್ತದೆ. ಹೊಸಬರು ಹಳಬರ ಉಳಿದ ಅವಧಿಯನ್ನು, ಅಂದರೆ 2027ರವರೆಗೆ, ಪೂರೈಸುತ್ತಾರೆ ಎಂದೇ ಹಲವರು ತಿಳಿದಿರುತ್ತಾರೆ. ಆದರೆ ನಡುವೆ ಬಂದವರ ಅಧಿಕಾರ ಮುಂದಿನ ವಾರ್ಷಿಕ ಸಭೆ ಮುಗಿಯುವವರೆಗೆ ಮಾತ್ರ. ಅವರು 2024-25ರ ಲೆಕ್ಕ ನೋಡಿದರು, 2025ರ ಸೆಪ್ಟೆಂಬರಿನ ನಾಲ್ಕನೆಯ ಸಭೆಯೊಂದಿಗೆ ಆ ನೇಮಕ ತೀರಿತು. ಅದೇ ಸಭೆಯಲ್ಲಿ ಅವರನ್ನು ಹೊಸದಾಗಿ, ಒಂಬತ್ತನೆಯ ಸಭೆಯವರೆಗೆ, ಅಂದರೆ 2030ರವರೆಗೆ ನೇಮಿಸಿ ಇನ್ನೊಂದು ADT-1 ಹಾಕಬೇಕು. ಒಬ್ಬರೇ ಆಡಿಟರಿಗೆ ಒಂದೇ ವರ್ಷದಲ್ಲಿ ಎರಡು ಫಾರಂ. ಈ ಎರಡನೆಯದೇ ಸಾಮಾನ್ಯವಾಗಿ ಕಾಣೆಯಾಗುವುದು. ನಿಮ್ಮ ಕಂಪನಿಯಲ್ಲಿ ನಡುವೆ ಆಡಿಟರ್ ಬದಲಾಗಿದ್ದರೆ ಅದರ ಮರುವರ್ಷದ ನಡಾವಳಿ ತೆರೆದು ನೋಡಿ.

ಆಡಿಟರ್ ತಾವಾಗಿ ಹೋಗದೆ, ಕಂಪನಿಯೇ ಅವರನ್ನು ಅವಧಿಗೆ ಮುಂಚೆ ಬಿಡಿಸಬೇಕೆಂದರೆ ದಾರಿ ಕಡಿದಾದದ್ದು. ಮಂಡಳಿಯ ನಿರ್ಣಯವಾದ 30 ದಿನಗಳೊಳಗೆ ಕೇಂದ್ರ ಸರ್ಕಾರದ ಪೂರ್ವಾನುಮತಿಗೆ ADT-2 ಅರ್ಜಿ, ಅನುಮತಿ ಸಿಕ್ಕ 60 ದಿನಗಳೊಳಗೆ ಷೇರುದಾರರ ವಿಶೇಷ ನಿರ್ಣಯ. ಆಡಿಟರಿಗೆ ತಮ್ಮ ಮಾತು ಹೇಳಿಕೊಳ್ಳುವ ಅವಕಾಶವನ್ನೂ ಕೊಡಬೇಕು. ಇಷ್ಟು ತೊಡಕಿರುವುದರಿಂದಲೇ ಸಣ್ಣ ಕಂಪನಿಗಳು ‘ನೀವೇ ರಾಜೀನಾಮೆ ಕೊಟ್ಟುಬಿಡಿ ಸರ್’ ಎಂದು ಕೇಳಿಕೊಳ್ಳುತ್ತವೆ, ಕಾರಣದ ಜಾಗದಲ್ಲಿ ಕೆಲಸದ ಒತ್ತಡ ಎಂದು ಬರೆದಿರುತ್ತದೆ.

ಆಡಿಟರನ್ನು ಕಡ್ಡಾಯವಾಗಿ ಬದಲಿಸಬೇಕೆಂಬ ನಿಯಮದ ಬಗ್ಗೆ ಕೇಳಿ ಗಾಬರಿಯಾಗುವವರಿದ್ದಾರೆ. ಒಬ್ಬ ವ್ಯಕ್ತಿಗೆ ಐದು ವರ್ಷದ ಒಂದು ಅವಧಿ, ಸಂಸ್ಥೆಯಾದರೆ ಎರಡು, ಆಮೇಲೆ ಐದು ವರ್ಷ ಅದೇ ಕಂಪನಿಗೆ ಮರಳುವಂತಿಲ್ಲ ಎಂಬ ನಿಯಮವೇನೋ ಇದೆ. ಕಾಯ್ದೆ ‘ಸಣ್ಣ ಕಂಪನಿ’ ಎಂದು ಕರೆಯುವುದಕ್ಕೆ ಇದು ಅನ್ವಯಿಸುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಆ ಮಿತಿಯನ್ನು 4 ಕೋಟಿ ಪಾವತಿಯಾದ ಬಂಡವಾಳ, 40 ಕೋಟಿ ವಹಿವಾಟಿಗೆ ಏರಿಸಲಾಯಿತು. ಸರ್ಕಾರ ಇದನ್ನು ಆಗಾಗ ಪರಿಷ್ಕರಿಸುವುದರಿಂದ ಸದ್ಯದ ಅಂಕಿಯನ್ನು ವಿಚಾರಿಸಿಕೊಳ್ಳಿ. ಮಿತಿ ದಾಟಿದ ಮಾತ್ರಕ್ಕೂ ಬದಲಾವಣೆ ಕಡ್ಡಾಯವಾಗದು. ಪ್ರೈವೇಟ್ ಕಂಪನಿಯ ಪಾವತಿಯಾದ ಬಂಡವಾಳ 50 ಕೋಟಿ ಮುಟ್ಟಬೇಕು, ಇಲ್ಲವೇ ಬ್ಯಾಂಕು, ಹಣಕಾಸು ಸಂಸ್ಥೆಗಳ ಸಾಲ ಅಥವಾ ಸಾರ್ವಜನಿಕ ಠೇವಣಿ ಅಷ್ಟಾಗಬೇಕು. ತಟ್ಟೆ ಕಂಪನಿಯವರು ಇಷ್ಟಪಟ್ಟರೆ ಅದೇ ಆಡಿಟರನ್ನು ಮತ್ತೆ ಮತ್ತೆ ನೇಮಿಸಬಹುದು. ಹಾಗೆಂದು ಅವಧಿ ತಾನಾಗಿ ನವೀಕರಣವಾಗುವುದಿಲ್ಲ. ಐದೈದು ವರ್ಷಕ್ಕೆ ನಿರ್ಣಯ, ಒಪ್ಪಿಗೆ ಪತ್ರ, ADT-1 ಎಲ್ಲ ಹೊಸದಾಗಿ ಆಗಬೇಕು. ಮರೆತರೆ ಹಾಲಿ ಆಡಿಟರೇ ಮುಂದುವರಿಯುತ್ತಾರೆ ಎನ್ನುವ ರಕ್ಷಣೆ ಕಾಯ್ದೆಯಲ್ಲಿದೆ. ಕಂಪನಿಗೆ ಆಡಿಟರೇ ಇಲ್ಲದಂತಾಗುವುದು ಅದರಿಂದ ತಪ್ಪುತ್ತದೆಯೇ ಹೊರತು, ಅದನ್ನೇ ಮರುನೇಮಕ ಎಂದುಕೊಳ್ಳಬಾರದು.

ಯಾರನ್ನು ನೇಮಿಸುವುದು ಎಂಬುದು ಸಣ್ಣ ಕಂಪನಿಗಳಲ್ಲಿ ಸೂಕ್ಷ್ಮ ವಿಷಯ. ತಿಂಗಳ ಲೆಕ್ಕ ಬರೆಯುವವರೇ ವರ್ಷದ ಕೊನೆಗೆ ಆಡಿಟ್ ವರದಿಗೂ ಸಹಿ ಹಾಕುವುದು ಊರೂರಲ್ಲಿ ಕಾಣುವ ರೂಢಿ. 144ನೇ ಸೆಕ್ಷನ್ ಇದಕ್ಕೆ ಅಡ್ಡ ಬರುತ್ತದೆ: ಕಂಪನಿಯ ಆಡಿಟರ್ ಅದೇ ಕಂಪನಿಯ ಲೆಕ್ಕ ಬರೆದುಕೊಡುವಂತಿಲ್ಲ. ತಾನು ಬರೆದದ್ದನ್ನು ತಾನೇ ತಪಾಸಣೆ ಮಾಡಿದಂತಾಗುತ್ತದಲ್ಲ. ಲೆಕ್ಕ ಬರೆಯಲು ಬೇರೊಬ್ಬರನ್ನು ಇಟ್ಟುಕೊಳ್ಳಬೇಕು.

ಆಡಿಟರ್ ಬದಲಾಯಿಸುವಾಗ ಹಳಬರ ಶುಲ್ಕ ಬಾಕಿ ಉಳಿಸಿಕೊಳ್ಳಬೇಡಿ. ಹೊಸಬರು ಕೆಲಸ ಒಪ್ಪುವ ಮುನ್ನ ಹಳಬರಿಗೆ ಪತ್ರ ಬರೆಯುವುದು ಚಾರ್ಟರ್ಡ್ ಅಕೌಂಟೆಂಟರ ವೃತ್ತಿ ನಿಯಮ. ತಕರಾರಿಲ್ಲದ ಆಡಿಟ್ ಶುಲ್ಕ ಬಾಕಿಯಿದೆ ಎಂಬ ಉತ್ತರ ಬಂದರೆ, ಅದು ತೀರುವವರೆಗೆ ಅವರು ನಿಮ್ಮ ಕಂಪನಿಯನ್ನು ಒಪ್ಪಿಕೊಳ್ಳುವಂತಿಲ್ಲ.